ಡೇಟಾ ಸಿಮ್: ಕಾರ್ಡ್ ಮಷಿನ್, ಬಿಲ್ಲಿಂಗ್ ಯಂತ್ರ ಮತ್ತು ಜಿಪಿಎಸ್ ಸಾಧನಗಳಲ್ಲಿ

ಯಾರೂ ಮಾತನಾಡದ, ಒಂದು ಯಂತ್ರ ದೂರದ ಸರ್ವರ್‌ಗೆ ಮಾಹಿತಿ ಕಳಿಸಿ ಉತ್ತರ ಪಡೆಯುವುದಕ್ಕಷ್ಟೇ ಬಳಕೆಯಾಗುವ ಮೊಬೈಲ್ ಸಂಪರ್ಕವೇ ಡೇಟಾ ಸಿಮ್. ಅಂಗಡಿಯ ಕಾರ್ಡ್ ಮಷಿನ್, ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್, ಬಿಲ್ಲಿಂಗ್ ಯಂತ್ರ, ಸರಕಿನ ಗಾಡಿಗೆ ಹಾಕಿಸಿದ ಜಿಪಿಎಸ್ ಇವೆಲ್ಲವುಗಳ ಒಳಗೆ ಇಂಥದೊಂದು ಸಿಮ್ ಇರುತ್ತದೆ. ಫೋನಿನ ಸಿಮ್ ಕೊಳ್ಳುವಾಗ ಜನ ಮೊದಲು ಕೇಳುವುದು ದಿನಕ್ಕೆ ಎಷ್ಟು ಜಿಬಿ ಎಂದು. ಯಂತ್ರದ ಸಿಮ್‌ಗೆ ಆ ಪ್ರಶ್ನೆ ಬಹುತೇಕ ಅನಗತ್ಯ. ಆ ಜಾಗದಲ್ಲಿ ಯಾವ ನೆಟ್‌ವರ್ಕ್ ನಿಲ್ಲುತ್ತದೆ, ಯಂತ್ರ ತಲುಪಬೇಕಾದ ಸರ್ವರ್‌ಗೆ ಆ ಸಿಮ್‌ನಿಂದ ದಾರಿ ಇದೆಯೇ, ಸಾಧನಕ್ಕೆ ಎಸ್‌ಎಂಎಸ್ ಬೇಕೇ, ವ್ಯಾಲಿಡಿಟಿ ಮುಗಿಯುವುದನ್ನು ಯಾರು ನೋಡಿಕೊಳ್ಳುತ್ತಾರೆ, ಸಿಮ್ ಯಾರ ಹೆಸರಿನಲ್ಲಿದೆ ಎಂಬ ಐದು ಸಂಗತಿಗಳೇ ಯಂತ್ರ ನಡೆಯುವುದನ್ನೂ ನಿಲ್ಲುವುದನ್ನೂ ನಿರ್ಧರಿಸುತ್ತವೆ. ಇಲ್ಲಿನ ವಿವರಣೆ ಭಾರತದ ವ್ಯವಸ್ಥೆಗೆ ಸಂಬಂಧಿಸಿದ್ದು. ಉದಾಹರಣೆ ಮಲೆನಾಡಿನ ಒಂದು ಅಂಗಡಿಯದು.

ಎರಡು ಬಗೆಯ ಸಿಮ್‌ಗಳು

ಯಂತ್ರಗಳಲ್ಲಿ ಎರಡು ಬಗೆಯ ಸಿಮ್‌ಗಳು ಕಾಣಸಿಗುತ್ತವೆ. ಮೊದಲನೆಯದು ಯಾರು ಬೇಕಾದರೂ ಕೊಳ್ಳಬಹುದಾದ ಹತ್ತು ಅಂಕಿಯ ಸಾಮಾನ್ಯ ಸಿಮ್. ಎರಡನೆಯದು ಯಂತ್ರ-ಯಂತ್ರ ಸಂವಹನಕ್ಕೆಂದೇ ಕೊಡುವ ಎಂ2ಎಂ ಸಿಮ್. ಇದರ ಸಂಖ್ಯೆಗೆ ಹದಿಮೂರು ಅಂಕಿ. 2018ರಲ್ಲಿ ದೂರಸಂಪರ್ಕ ಇಲಾಖೆ ಈ ಹದಿಮೂರು ಅಂಕಿಯ ವ್ಯವಸ್ಥೆಯನ್ನು ಜಾರಿಗೆ ತಂದಾಗ, ಎಲ್ಲರ ಮೊಬೈಲ್ ನಂಬರೂ ಬದಲಾಗುತ್ತದೆ ಎಂಬ ಸುಳ್ಳು ಸುದ್ದಿ ಹರಡಿತ್ತು. ಬದಲಾದದ್ದು ಯಂತ್ರಗಳ ಸಂಖ್ಯೆ ಮಾತ್ರ.

ಅದೇ ವರ್ಷದ ಮೇ ತಿಂಗಳಲ್ಲಿ ಇಲಾಖೆ ಎಂ2ಎಂ ಸಿಮ್‌ಗಳಿಗೆ ಕೆಲವು ಕಟ್ಟುಪಾಡುಗಳನ್ನೂ ಹಾಕಿತು. ಮೊದಲೇ ಗೊತ್ತುಮಾಡಿದ ನಂಬರ್‌ಗಳಿಗೆ ಮಾತ್ರ ಕರೆ ಮತ್ತು ಎಸ್‌ಎಂಎಸ್ ಹೋಗಬೇಕು, ಅಲ್ಲಿಂದ ಮಾತ್ರ ಬರಬೇಕು. ಡೇಟಾ ಕೂಡ ಗೊತ್ತುಮಾಡಿದ ವಿಳಾಸಗಳಿಗಷ್ಟೇ ಸಾಗಬೇಕು. ಇಂಥ ಸಿಮ್ಮನ್ನು ಕಿತ್ತು ಫೋನಿಗೆ ಹಾಕಿದರೆ ಯೂಟ್ಯೂಬ್ ತೆರೆಯುವುದಿಲ್ಲ. ಕಳ್ಳನಿಗೆ ಅದು ನಿರುಪಯೋಗಿ ಎಂಬುದೇ ಅದರ ದೊಡ್ಡ ಗುಣ. ಆದರೆ ಇದೇ ಕಟ್ಟುಪಾಡು ಮುಂದೆ ಜಿಪಿಎಸ್ ವಿಷಯದಲ್ಲಿ ತೊಡಕಾಗಿಯೂ ಬರುತ್ತದೆ.

ಎಂ2ಎಂ ಸಿಮ್‌ಗಳನ್ನು ಕಂಪನಿಗಳು ಹೆಚ್ಚಾಗಿ ಸಂಸ್ಥೆಗಳ ಹೆಸರಿನಲ್ಲಿ ಒಟ್ಟೊಟ್ಟಿಗೆ ಕೊಡುತ್ತವೆ. ಒಂದೆರಡು ಗಾಡಿ ಇರುವ ಅಂಗಡಿಯವರು ಕೌಂಟರಿಗೆ ಹೋಗಿ ಒಂದೇ ಒಂದು ಸಿಮ್ ಕೇಳಿ ತರುವ ವಸ್ತು ಅದಲ್ಲ. ಅವರಿಗೆ ಅದು ಸಿಗುವುದು ಬ್ಯಾಂಕ್, ಪಾವತಿ ಕಂಪನಿ ಅಥವಾ ಜಿಪಿಎಸ್ ಮಾರುವವರ ಮೂಲಕ, ಸಾಧನದ ಜೊತೆಗೇ. ಹಾಗಾಗಿ ಸಣ್ಣ ವ್ಯಾಪಾರಿಯ ಮುಂದಿರುವ ನಿಜವಾದ ಆಯ್ಕೆ ಬೇರೆಯದು: ಯಾವ ಯಂತ್ರದ ಸಿಮ್ಮನ್ನು ಕೊಟ್ಟವರ ಕೈಯಲ್ಲೇ ಬಿಡಬೇಕು, ಯಾವುದನ್ನು ತಾನೇ ಕೊಂಡು ನಡೆಸಬೇಕು ಎಂಬುದು.

ಒಂದು ಅಂಗಡಿಯ ಲೆಕ್ಕ

ತೀರ್ಥಹಳ್ಳಿಯಂಥ ಪಟ್ಟಣದಲ್ಲಿ ಸಿಮೆಂಟು, ಪೈಪು, ಪಂಪ್‌ಸೆಟ್ ಮಾರುವ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಕೌಂಟರಿನಲ್ಲಿ ಬ್ಯಾಂಕ್ ಕೊಟ್ಟ ಕಾರ್ಡ್ ಮಷಿನ್, ಪಕ್ಕದಲ್ಲಿ ಆಂಡ್ರಾಯ್ಡ್ ಬಿಲ್ಲಿಂಗ್ ಯಂತ್ರ. ಹಳ್ಳಿಗಳಿಗೆ ಮಾಲು ಮುಟ್ಟಿಸಲು ಎರಡು ಪಿಕಪ್ ಗಾಡಿಗಳು, ಎರಡಕ್ಕೂ ಜಿಪಿಎಸ್. ಒಟ್ಟು ನಾಲ್ಕು ಸಿಮ್.

ದಿನಕ್ಕೆ ನಲವತ್ತು ಕಾರ್ಡ್ ವ್ಯವಹಾರ ನಡೆಯುತ್ತದೆ ಎನ್ನೋಣ. ಕಾರ್ಡ್ ಉಜ್ಜಿದಾಗ ಹೋಗುವ ಕೋರಿಕೆ ಮತ್ತು ಬರುವ ಉತ್ತರ ತಲಾ ಕೆಲವು ನೂರು ಬೈಟ್‌ಗಳಷ್ಟೇ. ಅದಕ್ಕೆ ಮುಂಚೆ ಸುರಕ್ಷಿತ ಸಂಪರ್ಕ ಬೆಸೆಯಲು ನಡೆಯುವ ಪರಸ್ಪರ ಗುರುತು ಪರೀಕ್ಷೆಯೇ ಹೆಚ್ಚು ತಿನ್ನುತ್ತದೆ. ಎಲ್ಲ ಸೇರಿಸಿ ಒಂದು ವ್ಯವಹಾರಕ್ಕೆ ಹತ್ತು ಕೆಬಿ ಎಂದು ಧಾರಾಳವಾಗಿ ಹಿಡಿದರೂ ದಿನಕ್ಕೆ 400 ಕೆಬಿ, ತಿಂಗಳಿಗೆ 12 ಎಂಬಿ. ಬಿಲ್ಲಿಂಗ್ ಯಂತ್ರ ದಿನಕ್ಕೆ 150 ಬಿಲ್‌ಗಳನ್ನು ತಲಾ ಐದು ಕೆಬಿಯಂತೆ ಸರ್ವರ್‌ಗೆ ಕಳಿಸಿದರೆ ತಿಂಗಳಿಗೆ ಸುಮಾರು 22 ಎಂಬಿ. ಗಾಡಿ ಎಂಟು ಗಂಟೆ ಓಡುವಾಗ ಹತ್ತು ಸೆಕೆಂಡಿಗೊಮ್ಮೆ ಸ್ಥಳ ತಿಳಿಸಿದರೆ 2,880 ಸಂದೇಶ. ತಲೆಬರಹ, ಸ್ವೀಕೃತಿ ಸೇರಿ ಒಂದಕ್ಕೆ 200 ಬೈಟ್ ಎಂದರೆ ಅರ್ಧ ಎಂಬಿಗಿಂತ ಸ್ವಲ್ಪ ಹೆಚ್ಚು. ನಿಂತಿರುವ ಹದಿನಾರು ಗಂಟೆಗಳಲ್ಲಿ ಹತ್ತು ನಿಮಿಷಕ್ಕೊಂದು ಸ್ಥಳಸೂಚನೆ, ನಡುನಡುವೆ ಸಂಪರ್ಕ ಜೀವಂತವಾಗಿಡುವ ಚಿಕ್ಕ ಸಂದೇಶಗಳು. ತಿಂಗಳಿಗೆ ಇಪ್ಪತ್ತು ಎಂಬಿ ಸಾಕು.

ಅಂದರೆ ನಾಲ್ಕೂ ಯಂತ್ರಗಳ ಒಂದು ತಿಂಗಳ ನಿಜವಾದ ಕೆಲಸ, ಫೋನಿನಲ್ಲಿ ಒಂದು ಸಂಜೆ ನೋಡುವ ವಿಡಿಯೊಗಿಂತ ಕಡಿಮೆ. ಈ ಲೆಕ್ಕ ಕೆಡುವುದು ಎರಡು ಕಡೆ. ಕಾರ್ಡ್ ಮಷಿನ್‌ಗೆ ಆಗಾಗ ಹೊಸ ತಂತ್ರಾಂಶ ಬರುತ್ತದೆ. ಆಂಡ್ರಾಯ್ಡ್ ಮಾದರಿಯಾದರೆ ಅದು ಹತ್ತಾರು ಎಂಬಿ ಇರಬಹುದು. ತಿಂಗಳಿಗೆ 50 ಎಂಬಿ ಮಿತಿಯ ಸಿಮ್ ಹಾಕಿದ್ದರೆ ಒಂದೇ ಅಪ್‌ಡೇಟ್‌ಗೆ ಮಿತಿ ಮುಗಿದು, ಮರುದಿನ ಬೆಳಗ್ಗೆ ಯಂತ್ರ ಮೌನವಾಗುತ್ತದೆ. ಎರಡನೆಯದು ಬಿಲ್ಲಿಂಗ್ ಯಂತ್ರದ ಆಂಡ್ರಾಯ್ಡ್. ಬಿಲ್ಲಿಗೆ ಬೇಕಾದದ್ದು 22 ಎಂಬಿಯಾದರೂ ಆ್ಯಪ್‌ಗಳ ಅಪ್‌ಡೇಟ್, ಫೋಟೊ ಬ್ಯಾಕಪ್, ಬಿಡುವಿನಲ್ಲಿ ಹುಡುಗರು ನೋಡುವ ರೀಲ್ಸ್ ಸೇರಿ ದಿನದ ಕೋಟಾ ಮಧ್ಯಾಹ್ನಕ್ಕೇ ಮುಗಿಯುವುದುಂಟು. ಪ್ಲೇ ಸ್ಟೋರ್‌ನ ಅಪ್‌ಡೇಟ್‌ಗಳನ್ನು ವೈಫೈಯಲ್ಲಿ ಮಾತ್ರ ಎಂದು ಕಟ್ಟಿಹಾಕಿ, ಬಿಲ್ಲಿಂಗ್ ಆ್ಯಪ್ ಬಿಟ್ಟು ಉಳಿದವುಗಳ ಹಿನ್ನೆಲೆ ಡೇಟಾ ನಿಲ್ಲಿಸಿದರೆ ಸಮಸ್ಯೆ ಅಲ್ಲಿಗೇ ತೀರುತ್ತದೆ. ದೊಡ್ಡ ಪ್ಯಾಕ್ ಹಾಕಿಸುವುದು ಇದಕ್ಕೆ ಪರಿಹಾರವಲ್ಲ.

ಖರ್ಚನ್ನು ನಿರ್ಧರಿಸುವುದು ವ್ಯಾಲಿಡಿಟಿ. ಪ್ರೀಪೇಯ್ಡ್ ಸಿಮ್‌ಗೆ 28 ದಿನದ ಪ್ಯಾಕ್ ಹಾಕಿಸಿದರೆ ವರ್ಷಕ್ಕೆ ಹದಿಮೂರು ರೀಚಾರ್ಜ್. ನಾಲ್ಕು ಸಿಮ್‌ಗೆ ಐವತ್ತೆರಡು. ಐವತ್ತೆರಡು ದಿನಾಂಕಗಳಲ್ಲಿ ಒಂದನ್ನಾದರೂ ಮರೆಯದಿರುವುದು ಕಷ್ಟ. 2022ರಲ್ಲಿ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಣವಾಗುವ ಒಂದು ಪ್ಯಾಕನ್ನೂ ಇಡಬೇಕೆಂದು ಆದೇಶಿಸಿತು. ಯಂತ್ರದ ಸಿಮ್‌ಗೆ ಈ ಎರಡನೆಯದು, ಇಲ್ಲವೇ ಇಡೀ ವರ್ಷದ ಪ್ಯಾಕ್ ಸೂಕ್ತ. ಇನ್ನೊಂದು ಎಚ್ಚರವಿದೆ. ಅಗ್ಗಕ್ಕೆ ಸಿಗುವ ಡೇಟಾ ವೋಚರ್‌ಗಳು ಸಾಮಾನ್ಯವಾಗಿ ಮೂಲ ಪ್ಯಾಕ್ ಚಾಲ್ತಿಯಲ್ಲಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಯಂತ್ರಕ್ಕೆ ಡೇಟಾ ಮಾತ್ರ ಸಾಕೆಂದು ಬರೀ ವೋಚರ್ ಹಾಕಿಸಿದರೆ ದುಡ್ಡು ಹೋಗುತ್ತದೆ, ನೆಟ್ ಬರುವುದಿಲ್ಲ.

ನೆಟ್‌ವರ್ಕ್ ನೋಡುವ ಬಗೆ

ಮೊದಲು ತಿಳಿಯಬೇಕಾದ್ದು ಯಂತ್ರದ ಒಳಗಿನ ಮೋಡೆಮ್ ಯಾವ ತಲೆಮಾರಿನದು ಎಂದು. ಹಳೆಯ ಕಾರ್ಡ್ ಮಷಿನ್‌ಗಳೂ ಕಡಿಮೆ ಬೆಲೆಯ ಜಿಪಿಎಸ್‌ಗಳೂ 2ಜಿ ಮಾತ್ರ ಬಲ್ಲವು. ಜಿಯೊಗೆ 2ಜಿ ಜಾಲವೇ ಇಲ್ಲ. ಆ ಸಿಮ್ಮನ್ನು 2ಜಿ ಸಾಧನಕ್ಕೆ ಹಾಕಿದರೆ ಎಷ್ಟು ಟವರ್ ಎದುರಿಗಿದ್ದರೂ ಸಿಗ್ನಲ್ ಬರುವುದಿಲ್ಲ. ಏರ್‌ಟೆಲ್ 2020ರ ಹೊತ್ತಿಗೆ 3ಜಿ ಮುಚ್ಚಿತು. ಅಂದಿನ 3ಜಿ ಸಾಧನಗಳು ಅದರ ಜಾಲದಲ್ಲಿ 2ಜಿಗೆ ಇಳಿದು ತೆವಳಬೇಕಾಯಿತು. ಇವತ್ತು ಹೊಸ ಸಾಧನ ಕೊಳ್ಳುವವರು 4ಜಿ ಇದ್ದು, 4ಜಿ ಸಿಗದ ಕಡೆ 2ಜಿಗೆ ಇಳಿಯಬಲ್ಲ ಮಾದರಿಯನ್ನೇ ಕೇಳುವುದು ಒಳ್ಳೆಯದು. ಘಟ್ಟದ ಕೆಳಗೂ ಮೇಲೂ ಓಡುವ ಗಾಡಿಗಳಿಗಂತೂ ಇದು ಅಗತ್ಯ.

ಸಿಗ್ನಲ್ ಅಳೆಯಬೇಕಾದ್ದು ಯಂತ್ರ ಕೂರುವ ಜಾಗದಲ್ಲೇ. ತಗಡಿನ ಮಾಡು, ಕಬ್ಬಿಣದ ರೋಲಿಂಗ್ ಶಟರ್, ಹಾರ್ಡ್‌ವೇರ್ ಅಂಗಡಿಯಲ್ಲಿ ರಾಶಿ ಬಿದ್ದ ಕಬ್ಬಿಣದ ಸರಳು ಇವೆಲ್ಲ ಸಿಗ್ನಲ್ ತಿನ್ನುತ್ತವೆ. ಬೀದಿಯಲ್ಲಿ ನಾಲ್ಕು ಗೀಟು ತೋರಿದ ಫೋನ್ ಕೌಂಟರಿನ ಹಿಂದೆ ಒಂದೇ ಗೀಟಿಗೆ ಬರುತ್ತದೆ. ಗೀಟು ಎಣಿಸುವ ಬದಲು ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ತೆರೆದು ಡಿಬಿಎಂ ಅಂಕಿ ನೋಡಬೇಕು. 4ಜಿಯಲ್ಲಿ ಅದು -90ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. -110 ಆದರೆ ಕಾರ್ಡ್ ಮಷಿನ್ ಒಮ್ಮೆ ನಡೆದು ಒಮ್ಮೆ ನಿಲ್ಲುವ ಸ್ಥಿತಿ. ಅದಕ್ಕಿಂತ ಕೆಳಗಾದರೆ ಆ ಕಂಪನಿಯನ್ನು ಬಿಡುವುದೇ ಲೇಸು. ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿನಲ್ಲಿ ನೋಡಿ ತೀರ್ಮಾನಿಸಬಾರದು. ಸಂತೆಯ ದಿನ ಸಂಜೆ, ಊರಿನ ಎಲ್ಲರ ಫೋನೂ ಅದೇ ಟವರಿಗೆ ಜೋತುಬಿದ್ದಾಗ ಸಿಗ್ನಲ್ ಪೂರ್ತಿ ಇದ್ದರೂ ಡೇಟಾ ಮಿಸುಕದಿರಬಹುದು. ವ್ಯಾಪಾರ ಹೆಚ್ಚು ನಡೆಯುವುದು ಆಗಲೇ.

ಎರಡು ಸಿಮ್ ಹಾಕಬಹುದಾದ ಯಂತ್ರಗಳಲ್ಲಿ ಜನ ಎರಡು ಬೇರೆ ಕಂಪನಿಯ ಸಿಮ್ ಹಾಕಿ ನಿಶ್ಚಿಂತರಾಗುತ್ತಾರೆ. ಆ ನಿಶ್ಚಿಂತೆ ಪೂರ್ತಿ ಸರಿಯಲ್ಲ. ಭಾರತದಲ್ಲಿ ಟವರ್‌ಗಳನ್ನು ಕಟ್ಟಿ ಬಾಡಿಗೆಗೆ ಕೊಡುವ ಕಂಪನಿಗಳೇ ಬೇರೆ. ಇಂಡಸ್ ಟವರ್ಸ್‌ನ ಒಂದೇ ಕಂಬದ ಮೇಲೆ ಏರ್‌ಟೆಲ್ ಮತ್ತು ವಿ ಎರಡರ ಆಂಟೆನಾಗಳೂ ಇರುವುದು ಸಾಮಾನ್ಯ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋಗಿ ಆ ಟವರಿನ ಬ್ಯಾಟರಿಯೂ ಡೀಸೆಲ್ಲೂ ಮುಗಿದರೆ ಎರಡೂ ಸಿಮ್ ಒಟ್ಟಿಗೇ ಸಾಯುತ್ತವೆ. ಯಾವುದು ಯಾವುದರ ಜೊತೆ ಹೋಗುತ್ತದೆ ಎಂದು ತಿಳಿಯಲು ಕಾಗದಪತ್ರ ಬೇಕಿಲ್ಲ: ದೀರ್ಘ ಕರೆಂಟ್ ಕಡಿತದ ದಿನ ಊರಿನಲ್ಲಿ ಯಾವ ಕಂಪನಿಯ ಫೋನ್ ಕೊನೆಯವರೆಗೂ ನಡೆಯಿತು ಎಂದು ಗಮನಿಸಿದರೆ ಸಾಕು. ಎರಡನೆಯ ಸಿಮ್ ಅದರದ್ದೇ ಆಗಿರಲಿ. ಒಂದು ಸಿಮ್‌ನಿಂದ ಇನ್ನೊಂದಕ್ಕೆ ಹೊರಳಲು ಯಂತ್ರ ಹೊಸದಾಗಿ ನೆಟ್‌ವರ್ಕ್ ಹುಡುಕಿ ನೋಂದಾಯಿಸಿಕೊಳ್ಳಬೇಕು. ನಡುವೆ ಇದ್ದ ವ್ಯವಹಾರವನ್ನು ಅದು ಉಳಿಸಿಕೊಡುವುದಿಲ್ಲ.

ಕಾರ್ಡ್ ಮಷಿನ್: ದಾರಿ ಮತ್ತು ನಡುದಾರಿ

ಮೊಬೈಲ್ ಜಾಲದಿಂದ ಹೊರಗಿನ ಜಾಲಕ್ಕೆ ಹೋಗುವ ಬಾಗಿಲಿಗೆ ಎಪಿಎನ್ ಎಂದು ಹೆಸರು. ಸಾಮಾನ್ಯ ಸಿಮ್‌ಗಳಲ್ಲಿ ಬಿಎಸ್‌ಎನ್‌ಎಲ್‌ಗೆ `bsnlnet`, ಏರ್‌ಟೆಲ್‌ಗೆ `airtelgprs.com`, ಜಿಯೊಗೆ `jionet` ಎಂದು ಬರೆಯಬೇಕು. ಈ ಬಾಗಿಲು ತೆರೆದುಕೊಳ್ಳುವುದು ಸಾರ್ವಜನಿಕ ಇಂಟರ್‌ನೆಟ್‌ಗೆ. ಬ್ಯಾಂಕುಗಳು ಕೊಡುವ ಹಲವು ಸಿಮ್‌ಗಳಲ್ಲಿ ಇದರ ಬದಲು ಖಾಸಗಿ ಎಪಿಎನ್ ಇರುತ್ತದೆ. ಆ ಬಾಗಿಲಿನಿಂದ ಹೊರಟ ಮಾಹಿತಿ ಇಂಟರ್‌ನೆಟ್ ಮುಟ್ಟದೆ ನೇರವಾಗಿ ಬ್ಯಾಂಕಿನ ಅಥವಾ ಅದರ ಸೇವಾ ಕಂಪನಿಯ ಜಾಲದೊಳಕ್ಕೆ ಹೋಗುತ್ತದೆ.

ಇಲ್ಲಿಯೇ ಅಂಗಡಿಗಳಲ್ಲಿ ಒಂದು ಗೊಂದಲ ಹುಟ್ಟುತ್ತದೆ. ಬ್ಯಾಂಕಿನ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತಿಲ್ಲವೆಂದು ಯಾರೋ ತಮ್ಮ ಫೋನಿನ ಸಿಮ್ ತೆಗೆದು ಮಷಿನ್‌ಗೆ ಹಾಕುತ್ತಾರೆ. ಸಿಗ್ನಲ್ ತುಂಬಿ ಬರುತ್ತದೆ, 4ಜಿ ಎಂದೂ ತೋರಿಸುತ್ತದೆ. ಕಾರ್ಡ್ ಹಾಕಿದರೆ ಸಂಪರ್ಕ ವಿಫಲ. ಯಂತ್ರ ಹುಡುಕುತ್ತಿರುವ ಸರ್ವರ್ ಇರುವುದು ಖಾಸಗಿ ಜಾಲದೊಳಗೆ. ಹೊಸ ಸಿಮ್ ತಲುಪಿರುವುದು ಇಂಟರ್‌ನೆಟ್‌ಗೆ. ಎಪಿಎನ್ ಹೆಸರನ್ನು ಹಳೆಯದೇ ಇಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಆ ಬಾಗಿಲು ದಾಟುವ ಅನುಮತಿ ಹಳೆಯ ಸಿಮ್‌ಗೆ ಮಾತ್ರ ಇದೆ. ಆದ್ದರಿಂದ ಕಾರ್ಡ್ ಮಷಿನ್ ಪಡೆಯುವಾಗಲೇ ಬ್ಯಾಂಕಿನವರನ್ನು ಎರಡು ಮಾತು ಕೇಳಿಟ್ಟುಕೊಳ್ಳಬೇಕು: ಬೇರೆ ಸಿಮ್ ಅಥವಾ ಅಂಗಡಿಯ ವೈಫೈ ಮೂಲಕ ಈ ಯಂತ್ರ ನಡೆಯುತ್ತದೆಯೇ, ಮತ್ತು ಈ ಜಾಗದಲ್ಲಿ ಚೆನ್ನಾಗಿ ಸಿಗುವ ಕಂಪನಿಯ ಸಿಮ್ಮನ್ನೇ ಕೊಡುತ್ತೀರಾ? ಎರಡನೆಯ ಕೋರಿಕೆಯನ್ನು ಮಷಿನ್ ಕೂರಿಸುವ ದಿನವೇ ಇಡುವುದು ಸುಲಭ. ಕೂರಿಸಿ ಹೋದ ಮೇಲೆ ಬದಲಿ ಸಿಮ್ ಬರುವುದಕ್ಕೆ ದಿನಗಳು ಹಿಡಿಯುತ್ತವೆ.

ಸಂಪರ್ಕ ಪೂರ್ತಿ ಇಲ್ಲದಿರುವುದಕ್ಕಿಂತ ನಡುವೆ ಕಡಿಯುವುದೇ ಹೆಚ್ಚು ತೊಂದರೆಯದು. ಮಷಿನ್ ಕಳಿಸಿದ ಕೋರಿಕೆ ಬ್ಯಾಂಕ್ ತಲುಪಿ, ಗ್ರಾಹಕರ ಖಾತೆಯಿಂದ ಹಣ ಕಳೆದು, ಒಪ್ಪಿಗೆಯ ಉತ್ತರ ಹಿಂದಿರುಗುವ ಹೊತ್ತಿಗೆ ಸಿಗ್ನಲ್ ಹೋಯಿತೆನ್ನಿ. ಗ್ರಾಹಕರ ಫೋನಿಗೆ ಹಣ ಕಡಿತದ ಸಂದೇಶ ಬಂದಿದೆ, ಮಷಿನ್ ಮಾತ್ರ ವಿಫಲ ಎನ್ನುತ್ತಿದೆ. ಇಂಥ ಸ್ಥಿತಿಗೆಂದೇ ಕಾರ್ಡ್ ವ್ಯವಹಾರದ ಸಂದೇಶ ಪದ್ಧತಿಯಲ್ಲಿ ವಾಪಸಾತಿ ಸಂದೇಶವೊಂದಿದೆ. ಉತ್ತರ ಸಿಗದ ಮಷಿನ್, ಸಂಪರ್ಕ ಮರಳಿದ ಕೂಡಲೇ ಹಿಂದಿನ ವ್ಯವಹಾರವನ್ನು ರದ್ದುಮಾಡಿ ಎಂದು ಕಳಿಸುತ್ತದೆ. ಬಹಳಷ್ಟು ಮಷಿನ್‌ಗಳು ಮುಂದಿನ ಕಾರ್ಡ್ ಹಾಕಿದಾಗ ಮೊದಲು ಈ ಬಾಕಿ ಸಂದೇಶ ಕಳಿಸಿ ಆಮೇಲೆ ಹೊಸದನ್ನು ತೆಗೆದುಕೊಳ್ಳುತ್ತವೆ. ಆದ್ದರಿಂದ ವಿಫಲವಾದ ಕೂಡಲೇ ಮಷಿನ್ ಆಫ್ ಮಾಡಿ ಬ್ಯಾಟರಿ ಕೀಳುವುದು ಸರಿಯಲ್ಲ. ಸಿಗ್ನಲ್ ಬರುವ ಕಡೆಗೆ ಅದನ್ನು ಒಯ್ದು ಬಾಕಿ ಸಂದೇಶ ಹೋಗಲು ಬಿಡಬೇಕು. ಮೆನುವಿನಲ್ಲಿ ಕೊನೆಯ ವ್ಯವಹಾರದ ಸ್ಥಿತಿ ನೋಡಿ, ಹನ್ನೆರಡು ಅಂಕಿಯ ಆರ್‌ಆರ್‌ಎನ್ ಬರೆದಿಟ್ಟುಕೊಂಡು, ಅನಂತರವೇ ಮತ್ತೆ ಕಾರ್ಡ್ ಕೇಳಬೇಕು.

ಗ್ರಾಹಕರ ಹಣ ಕಳೆದು ಅಂಗಡಿಗೆ ಖಚಿತತೆ ಬಾರದಿದ್ದರೆ, ವ್ಯವಹಾರದ ದಿನ ಬಿಟ್ಟು ಐದು ದಿನಗಳೊಳಗೆ ಅದು ತಾನಾಗಿ ವಾಪಸಾಗಬೇಕು; ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ಕೌಂಟರಿನಲ್ಲಿ ಜಗಳವಾಗುವ ಮೊದಲು ಗ್ರಾಹಕರಿಗೆ ಈ ನಿಯಮವನ್ನು ಹೇಳಿ, ಆರ್‌ಆರ್‌ಎನ್ ಇರುವ ಚೀಟಿಯನ್ನು ಅವರ ಕೈಗೆ ಕೊಡುವುದು ಅಂಗಡಿಯವರ ಕರ್ತವ್ಯ. ಆ ಐದು ದಿನ ಆತಂಕದಲ್ಲಿ ಕಳೆಯುವವರು ಗ್ರಾಹಕರು.

ಜಿಪಿಎಸ್: ಎಸ್‌ಎಂಎಸ್ ಇಲ್ಲದ ಸಿಮ್‌ನ ತೊಡಕು

ಗಾಡಿ ಎಲ್ಲಿದೆಯೆಂದು ಕಂಡುಹಿಡಿಯಲು ಸಿಮ್ ಬೇಕಿಲ್ಲ. ಉಪಗ್ರಹಗಳ ಸಂಕೇತದಿಂದ ಸಾಧನವೇ ಲೆಕ್ಕ ಹಾಕಿಕೊಳ್ಳುತ್ತದೆ. ಸಿಮ್ ಬೇಕಾಗುವುದು ಅದನ್ನು ಮಾಲೀಕರಿಗೆ ತಿಳಿಸಲು. ಆಗುಂಬೆ ಘಾಟಿಯ ತಿರುವುಗಳಲ್ಲಿ ನೆಟ್‌ವರ್ಕ್ ಹೋದಾಗ ಒಳ್ಳೆಯ ಸಾಧನ ಸ್ಥಳಗಳನ್ನು ತನ್ನ ನೆನಪಿನಲ್ಲಿ ತುಂಬಿಟ್ಟು, ಸೋಮೇಶ್ವರ ದಾಟಿ ಸಿಗ್ನಲ್ ಬಂದಾಗ ಒಟ್ಟಿಗೆ ಕಳಿಸುತ್ತದೆ. ನಕ್ಷೆಯಲ್ಲಿ ಗಾಡಿ ಅರ್ಧ ಗಂಟೆ ಅಲುಗಾಡದೆ ನಿಂತು, ಮತ್ತೆ ಹಾದಿ ಪೂರ್ತಿ ಮೂಡಿದರೆ ದೋಷವಿಲ್ಲ. ನಡುವಿನ ಹಾದಿ ಮಾಯವಾಗಿ ನೇರ ಗೆರೆ ಮಾತ್ರ ಬಂದರೆ ಆ ಸಾಧನಕ್ಕೆ ತುಂಬಿಡುವ ಶಕ್ತಿ ಇಲ್ಲ, ಅಥವಾ ಆ ಹೊತ್ತಿನಲ್ಲಿ ಅದಕ್ಕೆ ವಿದ್ಯುತ್ತೇ ಇರಲಿಲ್ಲ.

ಸಾಧನವನ್ನು ಹೊಂದಿಸುವ ರೂಢಿಯ ಮಾರ್ಗ ಎಸ್‌ಎಂಎಸ್. ಮೆಕ್ಯಾನಿಕ್ ತನ್ನ ಫೋನಿನಿಂದ ಸಾಧನದೊಳಗಿನ ನಂಬರ್‌ಗೆ ಆದೇಶಗಳನ್ನು ಕಳಿಸುತ್ತಾನೆ. ಬಹಳ ಬಳಕೆಯಲ್ಲಿರುವ ಕಾನ್‌ಕಾಕ್ಸ್ ಜಿಟಿ06 ಬಗೆಯ ಸಾಧನಗಳಲ್ಲಿ ಅವು ಹೀಗಿರುತ್ತವೆ:

```
APN,bsnlnet#
SERVER,1,example.com,5023,0#
TIMER,10,600#
STATUS#
```

ಮೊದಲನೆಯದು ಬಾಗಿಲು, ಎರಡನೆಯದು ಸರ್ವರ್ ಮತ್ತು ಪೋರ್ಟ್, ಮೂರನೆಯದು ಓಡುವಾಗ ಹತ್ತು ಸೆಕೆಂಡಿಗೆ, ನಿಂತಾಗ ಆರುನೂರು ಸೆಕೆಂಡಿಗೆ ಸ್ಥಳ ಕಳಿಸು ಎಂಬ ಆದೇಶ. ಕೊನೆಯದು ಸಾಧನದ ಸ್ಥಿತಿಯನ್ನು ಕೇಳುತ್ತದೆ. ಸರ್ವರ್ ವಿಳಾಸ ಮತ್ತು ಪೋರ್ಟ್‌ಗಳನ್ನು ಸೇವೆ ಕೊಡುವವರಿಂದ ಪಡೆದು ತುಂಬಬೇಕು.

ಸಿಮ್‌ಗೆ ಎಸ್‌ಎಂಎಸ್ ಇಲ್ಲದಿದ್ದರೆ, ಅಥವಾ ಅದು ಗೊತ್ತುಮಾಡಿದ ನಂಬರ್‌ಗಳಿಂದ ಮಾತ್ರ ಎಸ್‌ಎಂಎಸ್ ಪಡೆಯುವ ಎಂ2ಎಂ ಸಿಮ್ ಆಗಿದ್ದರೆ, ಮೆಕ್ಯಾನಿಕ್‌ನ ಆದೇಶ ಸಾಧನವನ್ನು ಮುಟ್ಟುವುದೇ ಇಲ್ಲ. ಹೊಸ ಸಾಧನಕ್ಕೆ ಎಪಿಎನ್ ಗೊತ್ತಿಲ್ಲ. ಎಪಿಎನ್ ಇಲ್ಲದೆ ಡೇಟಾ ಇಲ್ಲ. ಡೇಟಾ ಇಲ್ಲದೆ ಸರ್ವರ್ ಅದಕ್ಕೆ ಏನನ್ನೂ ಹೇಳಲಾರದು. ಈ ಗಂಟು ಬಿಡಿಸಲು ದಾರಿಗಳಿವೆ. ಎಸ್‌ಎಂಎಸ್ ಇರುವ ಸಾಮಾನ್ಯ ಸಿಮ್ಮನ್ನು ತಾತ್ಕಾಲಿಕವಾಗಿ ಹಾಕಿ, ಡೇಟಾ ಸಿಮ್‌ನ ಎಪಿಎನ್ ಮತ್ತು ಸರ್ವರ್ ವಿಳಾಸ ತುಂಬಿಸಿ, ಅನಂತರ ಸಿಮ್ ಬದಲಿಸಬಹುದು. ಯುಎಸ್‌ಬಿ ಕೇಬಲ್ ಇರುವ ಮಾದರಿಯಾದರೆ ಕಂಪ್ಯೂಟರಿನಿಂದಲೇ ತುಂಬಬಹುದು. ಒಮ್ಮೆ ಸಾಧನ ಸರ್ವರ್ ಮುಟ್ಟಿತೆಂದರೆ ಮುಂದಿನ ಆದೇಶಗಳೆಲ್ಲ ಅದೇ ತೆರೆದ ಸಂಪರ್ಕದ ಮೇಲೆ ಹೋಗುತ್ತವೆ, ಎಸ್‌ಎಂಎಸ್ ಬೇಕಿಲ್ಲ.

ಸಂಪರ್ಕ ಶುರುಮಾಡುವುದು ಯಾವಾಗಲೂ ಸಾಧನದ ಕಡೆಯಿಂದಲೇ ಆಗಬೇಕು. ಮೊಬೈಲ್ ಕಂಪನಿಗಳು ಸಿಮ್‌ಗಳಿಗೆ ಕೊಡುವುದು ಸಾಮಾನ್ಯವಾಗಿ ಹಂಚಿಕೆಯ ವಿಳಾಸ. ಹೊರಗಿನಿಂದ ಯಾರೂ ನೇರವಾಗಿ ಆ ಸಾಧನವನ್ನು ಕರೆಯಲಾರರು. ಮೌನವಾಗಿರುವ ಸಂಪರ್ಕವನ್ನು ಕಂಪನಿಯ ಜಾಲ ಕೆಲವು ನಿಮಿಷಗಳಲ್ಲಿ ಮರೆತುಬಿಡುತ್ತದೆ. ನಿಂತ ಗಾಡಿಯೂ ಆಗಾಗ ಒಂದು ಚಿಕ್ಕ ಸಂದೇಶ ಕಳಿಸುತ್ತಿರುವುದು ಇದಕ್ಕಾಗಿಯೇ. ಡೇಟಾ ಉಳಿಸುವ ಆಸೆಯಿಂದ ಆ ಸಂದೇಶದ ಅಂತರವನ್ನು ಅರ್ಧ ಗಂಟೆಗೆ ಏರಿಸಿದರೆ ಉಳಿಯುವುದು ತಿಂಗಳಿಗೆ ಒಂದೆರಡು ಎಂಬಿ. ನಿಂತ ಗಾಡಿಗೆ ಕಳಿಸಿದ ಎಂಜಿನ್ ಬಂದ್ ಆದೇಶ ಮಾತ್ರ ಸಮಯಕ್ಕೆ ತಲುಪುವುದಿಲ್ಲ.

ಪ್ರಯಾಣಿಕರನ್ನು ಸಾಗಿಸುವ ಸಾರ್ವಜನಿಕ ಸೇವಾ ವಾಹನಗಳ ಸಂಗತಿ ಬೇರೆ. 2019ರ ಜನವರಿ 1ರಿಂದ ನೋಂದಣಿಯಾಗುವ ಅಂಥ ವಾಹನಗಳಿಗೆ ಎಐಎಸ್ 140 ಮಾನದಂಡದ ಸಾಧನ ಮತ್ತು ತುರ್ತು ಗುಂಡಿ ಬೇಕೆಂಬ ನಿಯಮ ಬಂದಿದೆ. ಅದರ ಸಿಮ್ ಸಾಧನದೊಳಗೇ ಬೆಸೆದಿರುತ್ತದೆ. ಮಾಲೀಕರು ಬದಲಿಸುವಂಥದ್ದಲ್ಲ, ಸೇವೆಯನ್ನು ನವೀಕರಿಸುವುದಷ್ಟೇ ಅವರ ಪಾಲಿನ ಕೆಲಸ.

ಎಲ್ಲಿ ನಿಂತಿದೆ ಎಂದು ತಿಳಿಯುವುದು

ಯಂತ್ರ ಕೆಲಸ ಮಾಡದಿದ್ದಾಗ ಕೇಳಬೇಕಾದ ನಾಲ್ಕು ಪ್ರಶ್ನೆಗಳು ಒಂದರ ಮೇಲೊಂದು ಕೂತಿವೆ: ಸಿಮ್ ಕಾಣುತ್ತಿದೆಯೇ, ನೆಟ್‌ವರ್ಕ್ ಅದನ್ನು ಒಪ್ಪಿಕೊಂಡಿದೆಯೇ, ಡೇಟಾ ತೆರೆದಿದೆಯೇ, ಸರ್ವರ್ ಸಿಕ್ಕಿದೆಯೇ. ಕೆಳಗಿನದು ಸರಿಯಿಲ್ಲದೆ ಮೇಲಿನದನ್ನು ತಡಕಿದರೆ ದಿನವೇ ಹೋಗುತ್ತದೆ. ಮೋಡೆಮ್‌ಗೆ ನೇರವಾಗಿ ಆದೇಶ ಕೊಡಬಲ್ಲ ತಂತ್ರಜ್ಞರು ಇವುಗಳಲ್ಲಿ ಮೊದಲ ಮೂರನ್ನು ನಾಲ್ಕು ಸಾಲುಗಳಲ್ಲಿ ನೋಡುತ್ತಾರೆ:

```
AT+CPIN?
AT+CREG?
AT+CSQ
AT+CGATT?
```

ಮೊದಲನೆಯದಕ್ಕೆ `READY` ಬರಬೇಕು. `SIM PIN` ಎಂದು ಬಂದರೆ ಯಾರೋ ಆ ಸಿಮ್‌ಗೆ ಫೋನಿನಲ್ಲಿ ಪಿನ್ ಬೀಗ ಹಾಕಿದ್ದಾರೆ. ಎರಡನೆಯದರ ಉತ್ತರದಲ್ಲಿ ಎರಡನೇ ಅಂಕಿ 1 ಅಥವಾ 5 ಇದ್ದರೆ ನೋಂದಣಿಯಾಗಿದೆ, 2 ಎಂದರೆ ಇನ್ನೂ ಹುಡುಕುತ್ತಿದೆ, 3 ಎಂದರೆ ನೆಟ್‌ವರ್ಕ್ ನಿರಾಕರಿಸಿದೆ. ಬರೀ 4ಜಿ ಮೋಡೆಮ್‌ಗಳಲ್ಲಿ ಇದೇ ಪ್ರಶ್ನೆಯನ್ನು `AT+CEREG?` ಎಂದು ಕೇಳಬೇಕಾಗಬಹುದು. ಮೂರನೆಯದು ಸಿಗ್ನಲ್ ಬಲವನ್ನು 0ಯಿಂದ 31ರವರೆಗೆ ತಿಳಿಸುತ್ತದೆ. 99 ಎಂದರೆ ಅಳೆಯಲಾಗಿಲ್ಲ. ಹತ್ತಕ್ಕಿಂತ ಕೆಳಗಿದ್ದರೆ ಜಾಗ ಬದಲಿಸಿ ನೋಡಬೇಕು. ನಾಲ್ಕನೆಯದಕ್ಕೆ 1 ಬಂದರೆ ಸಾಧನ ಡೇಟಾ ಸೇವೆಗೆ ಜೋಡಣೆಯಾಗಿದೆ.

ಈ ಆದೇಶಗಳಿಲ್ಲದೆಯೂ ಲಕ್ಷಣಗಳಿಂದ ಹೇಳಬಹುದು. ಸಿಮ್ ಇಲ್ಲ ಎಂದು ತೋರಿಸಿದರೆ ಹೆಚ್ಚಾಗಿ ಅದು ಜಾಗದಿಂದ ಸರಿದಿರುತ್ತದೆ. ಕತ್ತರಿಸಿದ ಸಿಮ್, ಅಡಾಪ್ಟರ್ ಹಾಕಿದ ಸಿಮ್‌ಗಳು ಗಾಡಿಯ ಅದುರುವಿಕೆಗೆ ಬೇಗ ಸರಿಯುತ್ತವೆ. ಸಿಗ್ನಲ್ ಪೂರ್ತಿ ಇದ್ದು ಡೇಟಾ ಇಲ್ಲದಿದ್ದರೆ ವ್ಯಾಲಿಡಿಟಿ ಮುಗಿದಿದೆ ಅಥವಾ ಎಪಿಎನ್ ತಪ್ಪಾಗಿದೆ. ಇವೆರಡರಲ್ಲಿ ಯಾವುದೆಂದು ಬೇರ್ಪಡಿಸಲು ಒಂದು ಸುಳುಹಿದೆ: ನಿನ್ನೆವರೆಗೆ ನಡೆದು ಮಧ್ಯರಾತ್ರಿ ನಿಂತದ್ದಾದರೆ ವ್ಯಾಲಿಡಿಟಿ, ಯಾರೋ ಯಂತ್ರವನ್ನು ರೀಸೆಟ್ ಮಾಡಿದ ಮೇಲೆ ನಿಂತದ್ದಾದರೆ ಎಪಿಎನ್. ಡೇಟಾ ಇದ್ದೂ ಆ ಯಂತ್ರದ ಕೆಲಸ ಮಾತ್ರ ನಡೆಯದಿದ್ದರೆ ಸರ್ವರ್ ವಿಳಾಸವನ್ನೋ ಖಾಸಗಿ ಜಾಲದ ಅನುಮತಿಯನ್ನೋ ನೋಡಬೇಕು. ಅದು ಅಂಗಡಿಯವರ ಕೈಯಲ್ಲಿಲ್ಲ, ಯಂತ್ರ ಕೊಟ್ಟವರಿಗೆ ಹೇಳಬೇಕು. ಬೇರೆ ಯಂತ್ರಕ್ಕೆ ಹಾಕಿದ ಕೂಡಲೇ ಸಿಮ್ ಸತ್ತಂತಾದರೆ ಅದಕ್ಕೆ ಐಎಂಇಐ ಬೀಗ ಇರಬಹುದು. ಕದ್ದ ಸಿಮ್ ದುರುಪಯೋಗವಾಗದಂತೆ ಅದನ್ನು ಒಂದೇ ಸಾಧನದ ಗುರುತಿಗೆ ಕಟ್ಟಿಡುವ ವ್ಯವಸ್ಥೆ ಅದು. ಕೆಟ್ಟ ಸಾಧನ ಬದಲಿಸಿದಾಗ ಹೊಸ ಐಎಂಇಐ ತಿಳಿಸುವವರೆಗೆ ಸಿಮ್ ಏಳುವುದಿಲ್ಲ.

ದಾಖಲೆ ಮತ್ತು ಹೆಸರು

ಮೊದಲು ಮಾಡಬೇಕಾದ ಕೆಲಸ, ಸಿಮ್ಮನ್ನು ಯಂತ್ರಕ್ಕೆ ಹಾಕುವ ಮುಂಚೆ ಅದರ ಮೇಲೆ ಅಚ್ಚಾಗಿರುವ ಐಸಿಸಿಐಡಿಯನ್ನು ಬರೆದಿಟ್ಟುಕೊಳ್ಳುವುದು. ಹತ್ತೊಂಬತ್ತು ಅಥವಾ ಇಪ್ಪತ್ತು ಅಂಕಿಯ ಈ ಸಂಖ್ಯೆ ಭಾರತದ ಸಿಮ್‌ಗಳಲ್ಲಿ 8991 ಎಂದು ಶುರುವಾಗುತ್ತದೆ. ಗಾಡಿಯ ಡ್ಯಾಶ್‌ಬೋರ್ಡಿನ ಹಿಂದೆ ಕೂತ ಸಾಧನದ ನಂಬರ್ ಒಂದು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ, ಗ್ರಾಹಕ ಸೇವೆಯವರು ಕೇಳುವುದು ಅದನ್ನೇ. ಒಂದು ಪುಟದಲ್ಲಿ ಐಸಿಸಿಐಡಿ, ಸಿಮ್ ನಂಬರ್, ಸಾಧನದ ಐಎಂಇಐ, ಯಾವ ಗಾಡಿ ಅಥವಾ ಕೌಂಟರ್, ಎಪಿಎನ್, ವ್ಯಾಲಿಡಿಟಿಯ ಕೊನೆ ದಿನ, ಯಾರ ಹೆಸರಿನಲ್ಲಿದೆ ಎಂದು ಬರೆದರೆ ಆಯಿತು. ನಮ್ಮ ಉದಾಹರಣೆಯ ಅಂಗಡಿಗೆ ಇದು ನಾಲ್ಕು ಸಾಲು. ಕಾರ್ಡ್ ಮಷಿನ್‌ನ ಸಿಮ್ ಬ್ಯಾಂಕಿನದು. ಬಿಲ್ಲಿಂಗ್ ಯಂತ್ರದ್ದು ಅಂಗಡಿಯೇ ಕೊಂಡ ವಾರ್ಷಿಕ ಪ್ಯಾಕಿನದು. ಎರಡು ಜಿಪಿಎಸ್ ಸಿಮ್‌ಗಳು ಮಾರಿದವರ ಹೆಸರಿನ ಎಂ2ಎಂ. ಮೊದಲ ವರ್ಷದ ಸೇವೆ ಮುಗಿಯುವ ತಾರೀಖನ್ನು ರಶೀದಿಯ ಮೇಲೆ ಬರೆಸಿಕೊಳ್ಳಬೇಕು. ಮಾರಿದವರು ಅಂಗಡಿ ಮುಚ್ಚಿದರೆ ಆ ಸಿಮ್‌ಗಳ ಮೇಲೆ ಗಾಡಿಯ ಮಾಲೀಕರಿಗೆ ಹಕ್ಕಿಲ್ಲ. ಆದ್ದರಿಂದ ಬೇರೆ ಸಿಮ್ ಹಾಕಿ, ಬೇರೆ ಸರ್ವರ್‌ಗೆ ತಿರುಗಿಸಬಹುದಾದ ಸಾಧನವನ್ನೇ ಕೊಳ್ಳುವುದು ಜಾಣತನ.

ಅಂಗಡಿ ತಾನೇ ಕೊಳ್ಳುವ ಸಿಮ್ ಮಾಲೀಕರ ಅಥವಾ ಸಂಸ್ಥೆಯ ಹೆಸರಿನಲ್ಲಿರಬೇಕು. ಕೆಲಸದ ಹುಡುಗನ ಆಧಾರ್ ಕೊಟ್ಟು ತಂದ ಸಿಮ್ ಅವನು ಕೆಲಸ ಬಿಟ್ಟ ದಿನ ಅವನ ಜೊತೆ ಹೋಗುತ್ತದೆ. ಅದರಿಂದ ಏನಾದರೂ ತಪ್ಪು ನಡೆದರೆ ಹೊಣೆ ಅವನ ತಲೆಗೆ ಬರುತ್ತದೆ, ಇದು ಅನ್ಯಾಯ. ಒಬ್ಬರ ಹೆಸರಿನಲ್ಲಿ ಕರ್ನಾಟಕದಲ್ಲಿ ಒಂಬತ್ತು ಸಾಮಾನ್ಯ ಸಿಮ್‌ಗಳವರೆಗೆ ಇರಬಹುದು. ಮನೆಯವರ ಫೋನ್‌ಗಳೂ ಅದರಲ್ಲೇ ಸೇರಿದರೆ ಮಿತಿ ಬೇಗ ಮುಟ್ಟುತ್ತದೆ. ತಮ್ಮ ಹೆಸರಿನಲ್ಲಿ ಯಾವ ಯಾವ ನಂಬರ್‌ಗಳಿವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ತಮ್ಮದಲ್ಲದ್ದನ್ನು ಅಲ್ಲೇ ತಿಳಿಸಬಹುದು.

ಬಿಲ್ಲಿಂಗ್ ಯಂತ್ರದ ಸಿಮ್ ನಂಬರನ್ನು ಬ್ಯಾಂಕ್ ಖಾತೆಗೂ ಜಿಎಸ್‌ಟಿ ನೋಂದಣಿಗೂ ಕೊಡಬಾರದು. ತೊಂಬತ್ತು ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು, ಆಮೇಲೆ ಅದು ಇನ್ನೊಬ್ಬರ ಕೈಸೇರುತ್ತದೆ. ಆಗ ಅಂಗಡಿಯ ಒಟಿಪಿ ಹೋಗುವುದು ಆ ಅಪರಿಚಿತರ ಫೋನಿಗೆ. ಯಂತ್ರ ಹಿಂದಿರುಗಿಸುವಾಗ ಅಥವಾ ಗಾಡಿ ಮಾರುವಾಗ ಕ್ರಮ ಹೀಗಿರಲಿ: ಮೊದಲು ಆ ನಂಬರ್ ಎಲ್ಲಿಯಾದರೂ ನೋಂದಣಿಯಾಗಿದೆಯೇ ಎಂದು ನೋಡಿ ತೆಗೆಸುವುದು, ಅನಂತರ ಸಿಮ್ ಹೊರತೆಗೆಯುವುದು, ಕೊನೆಗೆ ಸಂಪರ್ಕ ಮುಚ್ಚಲು ಕೋರಿಕೆ ಕೊಟ್ಟು ಅದರ ಸ್ವೀಕೃತಿ ಸಂಖ್ಯೆಯನ್ನು ದಾಖಲೆಯ ಅದೇ ಸಾಲಿನಲ್ಲಿ ಬರೆಯುವುದು.